ಸಂಬಳ ಎಷ್ಟು ಬೇಕು ಅಂತ ಮೊದಲ ಫೋನಿನಲ್ಲೇ ಕೇಳಿದಾಗ ನಾನು ಏನು ಹೇಳಿದೆ

2023ರ ಜುಲೈನಲ್ಲಿ ಹಾಸನದ ಬಸ್ ನಿಲ್ದಾಣದಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಬೆಂಗಳೂರಿನ ಒಂದು ಕಂಪನಿಯ ಎಚ್.ಆರ್. ಫೋನ್ ಮಾಡಿದರು. ಅಕೌಂಟೆಂಟ್ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ, ಜಾಹೀರಾತಿನಲ್ಲಿ ಸಂಬಳದ ಜಾಗದಲ್ಲಿ `Not Disclosed` ಅಂತಷ್ಟೇ ಇತ್ತು. ಹೆಸರು, ಅನುಭವ, ನೋಟಿಸ್ ಪೀರಿಯಡ್ ಕೇಳಿದ ಮೇಲೆ ಮೂರನೇ ನಿಮಿಷಕ್ಕೇ ಆ ಪ್ರಶ್ನೆ ಬಂತು: "ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದೀರಾ ಮೇಡಂ?" ಆಗ ನನ್ನ ಕೈಗೆ ತಿಂಗಳಿಗೆ 24,000 ಬರುತ್ತಿತ್ತು. ಗಾಬರಿಯಲ್ಲಿ "30,000 ಆದ್ರೆ ಸಾಕು ಸರ್" ಅಂದುಬಿಟ್ಟೆ.

ಎರಡು ಇಂಟರ್‌ವ್ಯೂ ಆಗಿ ಆಫರ್ ಲೆಟರ್ ಬಂದಾಗ ಅದರಲ್ಲಿ ವರ್ಷಕ್ಕೆ 3.6 ಲಕ್ಷ ಸಿಟಿಸಿ ಅಂತ ಇತ್ತು. ನಾನು ಹೇಳಿದ್ದು ಕೈಗೆ ಬರುವ ಸಂಬಳ, ಅವರು ಬರೆದುಕೊಂಡಿದ್ದು ಸಿಟಿಸಿ, ಅಂದರೆ ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಆ 30,000ದಲ್ಲಿ ಕಂಪನಿ ಕಟ್ಟುವ ಪಿ.ಎಫ್. 1,800, ಬೇಸಿಕ್ 15,000ದ ಮೇಲೆ ಗ್ರಾಚ್ಯುಟಿ ಶೇ. 4.81ರಂತೆ 722, ನನ್ನ ಪಾಲಿನ ಪಿ.ಎಫ್. 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 25,478. ಬೆಂಗಳೂರಿಗೆ ಮನೆ ಬದಲಾಯಿಸಿ ತಿಂಗಳಿಗೆ 1,500 ರೂಪಾಯಿ ಕೂಡ ಹೆಚ್ಚಿಗೆ ಸಿಗುತ್ತಿರಲಿಲ್ಲ. ಇನ್ನಷ್ಟು ಕೊಡಿ ಅಂತ ಕೇಳಿದರೆ, "ನೀವು ಹೇಳಿದ ಅಂಕಿಗೇ ಅಪ್ರೂವಲ್ ತಗೊಂಡಾಗಿದೆ" ಅಂದರು. ಮೊದಲ ಫೋನಿನಲ್ಲಿ ಬಾಯಿಂದ ಬಂದ ಅಂಕಿ ಅವರ ಹಾಳೆಯಲ್ಲಿ ಒಂದು ಕಾಲಂ ಆಗಿ ಕೂತುಬಿಡುತ್ತದೆ, ಮುಂದಿನ ಎಲ್ಲ ಮಂಜೂರಾತಿಯೂ ಅದರ ಮೇಲೇ ನಡೆಯುತ್ತದೆ ಎಂದು ಆವತ್ತು ಗೊತ್ತಾಯಿತು. ಆ ಕೆಲಸಕ್ಕೆ ನಾನು ಹೋಗಲಿಲ್ಲ.

ಎರಡು ವರ್ಷದ ನಂತರ ಚಿಕ್ಕಮಗಳೂರಿನ ಕಾಫಿ ರಫ್ತು ಸಂಸ್ಥೆಯೊಂದು ಸೀನಿಯರ್ ಅಕೌಂಟೆಂಟ್ ಬೇಕು ಅಂತ ಹಾಕಿತ್ತು. ಅಲ್ಲೂ ಸಂಬಳ ಬರೆದಿರಲಿಲ್ಲ. ಈ ಸಲ ಅರ್ಜಿ ಹಾಕುವ ಮುಂಚೆಯೇ ಲೆಕ್ಕ ಹಾಕಿಟ್ಟುಕೊಂಡೆ. ಆಗ ಕೈಗೆ 31,000 ಬರುತ್ತಿತ್ತು. ಹಾಸನದಲ್ಲಿ ನಮ್ಮ ಸ್ವಂತ ಮನೆ, ಬಾಡಿಗೆಯಿಲ್ಲ. ಚಿಕ್ಕಮಗಳೂರಿಗೆ ಹೋದರೆ ಚಿಕ್ಕದೊಂದು ಮನೆಗೆ 7,000 ಅಂದುಕೊಂಡೆ. ಹಾಗಾದರೆ 38,000 ಕೈಗೆ ಬಂದರೆ ಮಾತ್ರ ನಾನು ಈಗಿರುವ ಸ್ಥಿತಿಯಲ್ಲೇ ಉಳಿಯುತ್ತೇನೆ. ಅದಕ್ಕೆ ನನ್ನ ಪಿ.ಎಫ್. 1,800 ಮತ್ತು ವೃತ್ತಿ ತೆರಿಗೆ 200 ಸೇರಿಸಿದರೆ 40,000. ಕಂಪನಿಯ ಪಿ.ಎಫ್. 1,800 ಸೇರಿಸಿದರೆ 41,800. ಬೇಸಿಕ್ ಅರ್ಧದಷ್ಟು ಅಂತ ಹಿಡಿದು ಗ್ರಾಚ್ಯುಟಿ ಸುಮಾರು 1,030. ಒಟ್ಟು ತಿಂಗಳಿಗೆ 42,830, ವರ್ಷಕ್ಕೆ 5.14 ಲಕ್ಷ. ಕೆಲವು ಕಂಪನಿಗಳು ಪಿ.ಎಫ್.ಅನ್ನು 15,000ದ ಮಿತಿಗೆ ನಿಲ್ಲಿಸದೆ ಪೂರ್ತಿ ಬೇಸಿಕ್ ಮೇಲೆ ಶೇ. 12 ಹಿಡಿಯುತ್ತವೆ. ಆಗ ಇದೇ ಸಿಟಿಸಿಯಲ್ಲಿ ಕೈಗೆ ಬರುವುದು ಇನ್ನೂ 1,500ರಷ್ಟು ಇಳಿಯುತ್ತದೆ. ಆ ದುಡ್ಡು ನಮ್ಮ ಪಿ.ಎಫ್. ಖಾತೆಯಲ್ಲೇ ಇರುತ್ತದೆ ನಿಜ, ಆದರೆ ಮನೆ ಬಾಡಿಗೆಗೆ ಒದಗುವುದಿಲ್ಲ.

ಈ 5.14 ಲಕ್ಷ ನಾನು ಫೋನಿನಲ್ಲಿ ಹೇಳುವ ಅಂಕಿ ಅಲ್ಲ. ಇದರ ಕೆಳಗೆ ಇಳಿದರೆ ನಷ್ಟ ಎಂಬ ಗೆರೆ, ಅಷ್ಟೆ. ಹೇಳುವ ಅಂಕಿ ಬೇರೆ ಕಡೆಯಿಂದ ಬರಬೇಕು. ಅದಕ್ಕೆ ಚಿಕ್ಕಮಗಳೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲೆಕ್ಕಪತ್ರ ನೋಡುವ ನನ್ನ ಬಿ.ಕಾಂ. ಗೆಳತಿಯನ್ನೂ, ಹಾಸನದಲ್ಲಿ ನಾನು ಮೊದಲು ಕೆಲಸ ಮಾಡಿದ ಆಡಿಟರನ್ನೂ ಕೇಳಿದೆ. "ನಿನ್ನ ಸಂಬಳ ಎಷ್ಟು" ಅಂತ ಕೇಳಲಿಲ್ಲ. "ರಫ್ತಿನ ಜಿ.ಎಸ್.ಟಿ. ಗೊತ್ತಿರುವ ಆರು ವರ್ಷದ ಅನುಭವಿಗೆ ಅಲ್ಲಿ ಎಷ್ಟು ಕೊಡ್ತಾರೆ" ಅಂತ ಕೇಳಿದೆ. ಹೀಗೆ ಕೇಳಿದರೆ ಯಾರೂ ಮುಜುಗರಪಡದೆ ಹೇಳುತ್ತಾರೆ. ಇಬ್ಬರೂ ಐದೂವರೆಯಿಂದ ಏಳು ಲಕ್ಷದ ನಡುವೆ ಹೇಳಿದರು. ನಾನು 6ರಿಂದ 6.5 ಅಂತ ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ ಇಟ್ಟುಕೊಂಡೆ. ಒಂದು ವ್ಯಾಪ್ತಿ ಹೇಳಿದಾಗ ಕೇಳುವವರ ಕಿವಿಗೆ ಬೀಳುವುದು ಕೆಳಗಿನ ಅಂಕಿ ಮಾತ್ರ. ಹಾಗಾಗಿ ಕೆಳಗಿನ ಅಂಕಿಯೇ ನನಗೆ ನಿಜವಾಗಿ ಸಂತೋಷ ಕೊಡುವಂಥದ್ದಾಗಿರಬೇಕಿತ್ತು.

ಅರ್ಜಿಯ ಫಾರಂನಲ್ಲಿ `Expected CTC` ಎಂಬ ಜಾಗ ಕಡ್ಡಾಯವಾಗಿತ್ತು, ಅಂಕಿ ಬಿಟ್ಟು ಏನನ್ನೂ ತಗೊಳ್ಳುತ್ತಿರಲಿಲ್ಲ. ಕೆಲವರು ಅಲ್ಲಿ 0 ಅಥವಾ 1 ಹಾಕುತ್ತಾರೆ. ಅಂಕಿಯ ಮೇಲೆ ಅರ್ಜಿಗಳನ್ನು ಜರಡಿ ಹಿಡಿಯುವಾಗ ಅಂಥವು ಬಿದ್ದುಹೋಗಬಹುದು ಅನ್ನಿಸಿ ನಾನು 600000 ಅಂತಲೇ ಹಾಕಿದೆ.

ಫೋನ್ ಬಂದಾಗ ಆಫೀಸಿನಲ್ಲಿದ್ದೆ. "ಅರ್ಧ ಗಂಟೆ ಬಿಟ್ಟು ನಾನೇ ಮಾಡ್ತೀನಿ ಸರ್" ಅಂದು, ಹೊರಗೆ ಬಂದು ಚೀಟಿ ತೆಗೆದುಕೊಂಡು ಮಾಡಿದೆ. ಸಂಬಳದ ಪ್ರಶ್ನೆ ಬಂದಾಗ ಮೊದಲು ತಿರುಗಿ ಕೇಳಿದೆ: "ಸರ್, ಈ ಹುದ್ದೆಗೆ ನೀವು ಎಷ್ಟರವರೆಗೆ ಇಟ್ಕೊಂಡಿದೀರಾ ಅಂತ ಹೇಳಿದ್ರೆ, ನನಗೆ ಹೊಂದುತ್ತೋ ಇಲ್ವೋ ಈಗಲೇ ಹೇಳಿಬಿಡ್ತೀನಿ. ಇಬ್ಬರ ಟೈಮೂ ಉಳಿಯುತ್ತೆ." ಅವರು "ಕ್ಯಾಂಡಿಡೇಟ್ ನೋಡಿ ಡಿಸೈಡ್ ಮಾಡ್ತೀವಿ, ನೀವೇ ಹೇಳಿ" ಅಂದರು. ಹೆಚ್ಚಿನವರು ಒಂದು ಸಲ ಹೀಗೆ ತಪ್ಪಿಸಿಕೊಳ್ಳುತ್ತಾರೆ. ಎರಡನೇ ಸಲವೂ ಅದನ್ನೇ ಕೇಳುತ್ತಾ ಕೂತರೆ ಮಾತು ಜಗ್ಗಾಟವಾಗುತ್ತದೆ. ಹಾಗಾಗಿ ಅಂಕಿ ಹೇಳಿದೆ: "ಈವರೆಗೆ ನನಗೆ ಗೊತ್ತಿರೋ ಕೆಲಸಕ್ಕೆ 6ರಿಂದ 6.5 ಲಕ್ಷ, ಫಿಕ್ಸೆಡ್ ಸಿಟಿಸಿ. ವೇರಿಯಬಲ್ ಇದ್ರೆ ಅದು ಇದರ ಮೇಲೆ. ಕೆಲಸದ ವ್ಯಾಪ್ತಿ ಪೂರ್ತಿ ತಿಳಿದ ಮೇಲೆ ಮತ್ತೆ ಮಾತಾಡೋಣ. ನಿಮ್ಮ ಬಜೆಟ್ ಇದಕ್ಕೆ ಹತ್ತಿರ ಇದೆಯಾ ಸರ್?" ಇಷ್ಟು ಹೇಳಿ ಸುಮ್ಮನಾದೆ. ಆ ಸುಮ್ಮನಿರುವುದೇ ನನಗೆ ಅತಿ ಕಷ್ಟದ ಭಾಗ. "ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ಹೇಳಿದ್ದರೆ ಆರು ಅಲ್ಲೇ ಐದೂವರೆ ಆಗುತ್ತಿತ್ತು.

"ನಮ್ಮದು ಮ್ಯಾಕ್ಸಿಮಮ್ ಐದೂಮುಕ್ಕಾಲು ಮೇಡಂ" ಅಂದರು. ಕೇಳಿದಾಗ ಸಿಗದ ಮಿತಿ ಹೀಗೆ ಸಿಕ್ಕಿತು. ಅದು ನನ್ನ ಗೆರೆಗಿಂತ ಮೇಲಿದೆ, ಆದ್ದರಿಂದ ಮುಂದುವರಿಯಬಹುದು. ಆದರೆ ಒಪ್ಪಿದೆ ಅಂತ ಹೇಳಲಿಲ್ಲ. "ಸರಿ ಸರ್, ತುಂಬಾ ದೂರ ಇಲ್ಲ. ಇಂಟರ್‌ವ್ಯೂ ಮುಗೀಲಿ" ಅಂದೆ.

ಆಗಲೇ ಈಗಿನ ಸಂಬಳವನ್ನೂ ಕೇಳಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ನಮ್ಮ ಕಡೆ ಸೇರುವ ಮುಂಚೆ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳುವುದು ಸಾಮಾನ್ಯ, ಸುಳ್ಳು ಅಲ್ಲಿ ಬಯಲಾಗುತ್ತದೆ. "ಅದು ಹಾಸನದ ಈಗಿನ ಕೆಲಸಕ್ಕೆ ಸರ್, ಇಲ್ಲಿ ಜವಾಬ್ದಾರಿಯೂ ಬೇರೆ, ಊರೂ ಬೇರೆ" ಎಂಬ ಒಂದು ಮಾತು ಮಾತ್ರ ಸೇರಿಸಿದೆ.

ಅದೇ ವಾರ ಬೆಂಗಳೂರಿನ ಇನ್ನೊಂದು ಕಂಪನಿಗೂ ಇದೇ ಉತ್ತರ ಕೊಟ್ಟಿದ್ದೆ. ಅವರು "ನಮ್ಮದು 4 ಲಕ್ಷ ಮೇಡಂ" ಅಂದರು, ಐದು ನಿಮಿಷಕ್ಕೆ ಮಾತು ಮುಗಿಯಿತು. ಬೇಸರವಾಗಲಿಲ್ಲ. ಒಂದು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಿ ಬರುವುದು ಉಳಿಯಿತು.

ಚಿಕ್ಕಮಗಳೂರಿನವರ ಫೋನ್ ಇಟ್ಟ ತಕ್ಷಣ ಅವರಿಗೆ ಎರಡು ಸಾಲಿನ ಮೇಲ್ ಹಾಕಿದ್ದೆ: ನನ್ನ ನಿರೀಕ್ಷೆ 6ರಿಂದ 6.5 ಲಕ್ಷ ಫಿಕ್ಸೆಡ್, ವೇರಿಯಬಲ್ ಹೊರತುಪಡಿಸಿ. ಇಂಟರ್‌ವ್ಯೂನಲ್ಲಿ ರಫ್ತಿನ ಜಿ.ಎಸ್.ಟಿ. ರಿಫಂಡ್ ಜೊತೆಗೆ ಎರಡು ಎಸ್ಟೇಟುಗಳ ಕಾರ್ಮಿಕರ ಸಂಬಳದ ಲೆಕ್ಕವೂ ನನ್ನ ತಲೆ ಮೇಲೆ ಬರುತ್ತದೆ ಎಂದು ತಿಳಿಯಿತು. ಜಾಹೀರಾತಿನಲ್ಲಿ ಅದು ಇರಲಿಲ್ಲ. ಅದನ್ನೇ ಮುಂದಿಟ್ಟು ಐದೂಮುಕ್ಕಾಲಿನ ಬದಲು ಆರು ಕೇಳಿದೆ, ಒಪ್ಪಿದರು. ಆಫರ್ ಲೆಟರಿನ ಕೊನೆಯ ಪುಟದ ಪಟ್ಟಿ ನೋಡಿದರೆ ಆರು ಲಕ್ಷದೊಳಗೇ 60,000 ವೇರಿಯಬಲ್ ಅಂತ ಇತ್ತು, ಅಂದರೆ ಅಷ್ಟು ಸಿಗುವ ಖಾತ್ರಿಯಿಲ್ಲ. ವಾದ ಮಾಡದೆ ಮೊದಲ ದಿನದ ಆ ಮೇಲನ್ನೇ ಫಾರ್ವರ್ಡ್ ಮಾಡಿ, "ಸರ್, ನಾವು ಮಾತಾಡಿದ್ದು ಫಿಕ್ಸೆಡ್" ಅಂತ ಬರೆದೆ. ಎರಡು ದಿನಕ್ಕೆ ತಿದ್ದಿದ ಪತ್ರ ಬಂತು. ಈಗ ಎಲ್ಲ ಕಳೆದು ಕೈಗೆ 45,000ದ ಹತ್ತಿರ ಬರುತ್ತಿದೆ.