ಸ್ಟ್ರಿಪ್ಪಿನ ಹಿಂಬದಿಯಲ್ಲಿ ಎರಡನೇ ಹೆಸರು

ಇಪ್ಪತ್ನಾಲ್ಕನೇ ವಾರದ ಬಸುರಿಯೊಬ್ಬರು ಮಧ್ಯಾಹ್ನದ ಹೊತ್ತು ಒಳಗೆ ಬಂದಾಗ ಚಳಿಯಿಂದ ನಡುಗುತ್ತಿದ್ದರು. ಎರಡನೇ ಬಸಿರು. ಜ್ವರ 102.4 ಡಿಗ್ರಿ, ನಾಡಿ 118, ಬೆಳಿಗ್ಗೆಯಿಂದ ಎರಡು ಸಲ ವಾಂತಿ. ಬೆನ್ನಿನ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಅಂಗೈಯಿಂದ ಮೆಲ್ಲಗೆ ತಟ್ಟಿದೆ. "ಅಯ್ಯೋ, ಅಲ್ಲೇ ಮೇಡಂ" ಎಂದು ಮುಂದಕ್ಕೆ ಬಾಗಿಬಿಟ್ಟರು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂಬುದಕ್ಕೆ ಅಷ್ಟು ಸಾಕಿತ್ತು.

ಯಾವ ಮಾತ್ರೆ ತೆಗೆದುಕೊಂಡಿದ್ದೀರಿ ಎಂದು ಕೇಳಿದೆ. "ಪ್ಯಾರಸಿಟಮಾಲ್ ಬಿಟ್ಟು ಏನೂ ಇಲ್ಲ. ಅದು ತೊಂದರೆ ಇಲ್ಲ ಅಂತ ನೀವೇ ಹೇಳಿದ್ದಿರಲ್ಲ" ಎಂದರು. ಹೌದು, ಹೇಳಿದ್ದೆ. ಆದರೆ ಈ ಉತ್ತರಕ್ಕೆ ನಿಲ್ಲಬಾರದು ಎಂದು ಬಹಳ ವರ್ಷಗಳ ಹಿಂದೆಯೇ ಕಲಿತಿದ್ದೇನೆ. ಬಾಯಲ್ಲಿ ಹೇಳುವ ಹೆಸರಿಗಿಂತ ಕೈಯಲ್ಲಿರುವ ಸ್ಟ್ರಿಪ್ ಹೆಚ್ಚು ಹೇಳುತ್ತದೆ. ಅವರ ಗಂಡ ಚೀಲದಿಂದ ಎರಡು ಸ್ಟ್ರಿಪ್ ತೆಗೆದುಕೊಟ್ಟರು. ಮೊದಲನೆಯದರ ಹಿಂಬದಿಯಲ್ಲಿ ಪ್ಯಾರಸಿಟಮಾಲ್ 325 ಮಿಲಿಗ್ರಾಂ ಎಂದಿತ್ತು, ನಿಜ. ಅದರ ಮೇಲಿನ ಸಾಲಿನಲ್ಲಿ ಐಬುಪ್ರೊಫೇನ್ 400 ಮಿಲಿಗ್ರಾಂ ಎಂದೂ ಇತ್ತು. ಸೊಂಟನೋವಿಗೆಂದು ದಿನಕ್ಕೆ ಮೂರರಂತೆ ಐದು ದಿನ ನುಂಗಿದ್ದರು. ಎರಡನೆಯದು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್. ಹಿಂದೊಮ್ಮೆ ಉರಿಮೂತ್ರಕ್ಕೆ ಕೊಟ್ಟಿದ್ದರಲ್ಲಿ ಉಳಿದದ್ದು. ಹಿಂದಿನ ರಾತ್ರಿ ಒಂದು, ಆ ಬೆಳಿಗ್ಗೆ ಒಂದು ತೆಗೆದುಕೊಂಡಿದ್ದರು.

ಆ ಮೊದಲ ಮಾತ್ರೆ ಎರಡು ಕೆಡುಕು ಮಾಡಿತ್ತು. ಸೊಂಟನೋವು ಎಂದು ಅವರು ತಿಳಿದದ್ದು ಕಿಡ್ನಿಯ ನೋವಿನ ಆರಂಭ. ಮಾತ್ರೆ ನೋವನ್ನೂ ಇಳಿಸಿತು, ಬರಬೇಕಾದ ಜ್ವರವನ್ನೂ ಅದುಮಿಟ್ಟಿತು. ಹಾಗಾಗಿ ಐದು ದಿನ ಮೊದಲೇ ಬರಬೇಕಾದವರು ತಡವಾಗಿ ಬಂದರು. ಬಸುರಿಯರಿಗೆ ಸೊಂಟನೋವು ಸಾಮಾನ್ಯ. ಅದು ಸಾಮಾನ್ಯವಾಗಿ ಬೆನ್ನಿನ ಕೆಳಭಾಗದಲ್ಲಿ, ಎರಡೂ ಕಡೆ ಇರುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ. ಪಕ್ಕೆಲುಬಿನ ಕೆಳಗೆ ಒಂದೇ ಕಡೆ ಇರುವ, ಹೇಗೆ ಮಲಗಿದರೂ ಇಳಿಯದ ನೋವಾದರೆ ಮೂತ್ರ ಪರೀಕ್ಷೆ ಮಾಡಿಸಲೇಬೇಕು, ಉರಿಯಿಲ್ಲದಿದ್ದರೂ ಸರಿ. ಬಸಿರಿನಲ್ಲಿ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲಗೊಳ್ಳುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ. ಮೂತ್ರ ನಿಧಾನವಾಗಿ ಇಳಿಯುತ್ತದೆ, ಕೆಳಗಿನ ಸೋಂಕು ಸುಲಭವಾಗಿ ಮೇಲೇರುತ್ತದೆ. ಬಲಗಡೆಯೇ ಹೆಚ್ಚು, ಏಕೆಂದರೆ ಗರ್ಭಕೋಶ ಸಾಮಾನ್ಯವಾಗಿ ಆ ಕಡೆಗೇ ವಾಲಿರುತ್ತದೆ.

ಎರಡನೆಯ ಕೆಡುಕು ಮಗುವಿಗೆ. ಇಪ್ಪತ್ತನೇ ವಾರದ ಹೊತ್ತಿಗೆ ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ ಆಗಿರುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಂಪಿನ ಮಾತ್ರೆಗಳು ಮಾಸು ದಾಟಿ ಮಗುವಿನ ಕಿಡ್ನಿಯ ರಕ್ತಸಂಚಾರವನ್ನು ತಗ್ಗಿಸುತ್ತವೆ. ಮೂತ್ರ ಕಡಿಮೆಯಾದರೆ ನೀರು ಕಡಿಮೆಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ, ಇಪ್ಪತ್ತನೇ ವಾರದಿಂದ ಈ ಗುಂಪಿನ ಮಾತ್ರೆ ಬೇಡ ಎಂದು ಎಚ್ಚರಿಸಿದ್ದು ಇದೇ ಕಾರಣಕ್ಕೆ. ಮೂವತ್ತನೇ ವಾರದ ನಂತರ ಇನ್ನೊಂದು ಅಪಾಯ ಸೇರುತ್ತದೆ. ಹುಟ್ಟಿದ ಮೇಲೆ ಮುಚ್ಚಬೇಕಾದ, ಮಗುವಿನ ಹೃದಯದ ಪಕ್ಕದ ರಕ್ತನಾಳವೊಂದು ಹೊಟ್ಟೆಯಲ್ಲಿದ್ದಾಗಲೇ ಕಿರಿದಾಗಬಹುದು. ಆಸ್ಪಿರಿನ್ ಕೂಡ ಇದೇ ಗುಂಪಿನದು, ಆದರೆ ಇದನ್ನು ಓದಿ ಯಾರೂ ಅದನ್ನು ನಿಲ್ಲಿಸಬೇಡಿ. ಬಿ.ಪಿ. ತೊಂದರೆ ತಡೆಯಲು ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಆಸ್ಪಿರಿನ್‌ಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಅವರನ್ನು ದಾಖಲು ಮಾಡಿಕೊಂಡೆ. ಬಸುರಿಯ ಕಿಡ್ನಿ ಸೋಂಕನ್ನು ಮಾತ್ರೆ ಬರೆದು ಮನೆಗೆ ಕಳಿಸುವುದು ನನಗೆ ಒಪ್ಪುವುದಿಲ್ಲ. ಸೋಂಕು ರಕ್ತಕ್ಕಿಳಿಯಬಹುದು, ಅವಧಿಗೆ ಮುಂಚೆ ನೋವು ಶುರುವಾಗಬಹುದು, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗುವುದೂ ಉಂಟು. ಮೊದಲು ಮೂತ್ರದ ಮಾದರಿ, ಆಮೇಲೆ ಆ್ಯಂಟಿಬಯಾಟಿಕ್. ಈ ಕ್ರಮ ತಪ್ಪಿದರೆ, ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರಿನಲ್ಲಿ ಏನೂ ಬೆಳೆಯದೆ ನಾವು ಕತ್ತಲಲ್ಲಿ ಔಷಧ ಕೊಡಬೇಕಾಗುತ್ತದೆ. ಮಾದರಿ ಹಿಡಿಯುವುದನ್ನು ನಮ್ಮ ನರ್ಸ್ ನಿಂತು ಹೇಳಿಕೊಡುತ್ತಾರೆ: ಮುಂದಿನಿಂದ ಹಿಂದಕ್ಕೆ ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನದನ್ನು ಮಾತ್ರ ಬಾಟಲಿಗೆ ಹಿಡಿಯಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ಹೋಗಬೇಕು, ಇಲ್ಲವೇ ಫ್ರಿಜ್‌ನಲ್ಲಿಡಬೇಕು. ಹೊರಗೇ ಬಿಟ್ಟರೆ ಬಾಟಲಿಯಲ್ಲೇ ಬ್ಯಾಕ್ಟೀರಿಯಾ ಬೆಳೆದು ಇಲ್ಲದ ಸೋಂಕನ್ನು ತೋರಿಸುತ್ತದೆ.

ಆಮೇಲೆ ಡ್ರಿಪ್, ದಿನಕ್ಕೊಮ್ಮೆ 1 ಗ್ರಾಂ ಸೆಫ್ಟ್ರಯಾಕ್ಸೋನ್ ನರದ ಮೂಲಕ. ಜ್ವರಕ್ಕೆ ಬರೀ ಪ್ಯಾರಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಬಸುರಿಗೆ ಮಾತ್ರೆಯೇ ಬೇಡ ಎಂದು ಜ್ವರವನ್ನು ಹಾಗೇ ಬಿಡುವವರಿದ್ದಾರೆ. ಅದು ಸರಿಯಲ್ಲ. ತಾಯಿಯ ಜ್ವರದ ಕಾವಿಗೆ ಮಗುವಿನ ಎದೆಬಡಿತ ನಿಮಿಷಕ್ಕೆ 172ಕ್ಕೆ ಏರಿತ್ತು, ಜ್ವರ ಇಳಿದ ಮೇಲೆ 148ಕ್ಕೆ ಬಂತು.

ಸ್ಕ್ಯಾನಿನಲ್ಲಿ ಗರ್ಭದ ನೀರಿನ ಅತಿ ಆಳದ ಜಾಗ 2.3 ಸೆಂಟಿಮೀಟರ್. ಎರಡಕ್ಕಿಂತ ಕಡಿಮೆಯಾದರೆ ನೀರು ಕಡಿಮೆ ಎನ್ನುತ್ತೇವೆ. ಇವರದು ಅಂಚಿನಲ್ಲಿತ್ತು. ಹಿಂದಿನ ಸ್ಕ್ಯಾನಿನಲ್ಲಿ 4.5 ಇತ್ತು.

ಆ ಸಂಜೆ ಅವರು ಕೇಳಿದ್ದು ಜ್ವರದ ಬಗ್ಗೆ ಅಲ್ಲ. "ನಾನು ತಗೊಂಡ ಮಾತ್ರೆಯಿಂದ ಮಗುವಿಗೆ ಏನಾದರೂ ಆಗಿಬಿಟ್ಟಿದೆಯಾ?" ಎಂದರು. ಈ ಪ್ರಶ್ನೆಗೆ ಎರಡು ಮಾತ್ರೆಗೂ ಬೇರೆ ಬೇರೆ ಉತ್ತರ ಕೊಡಬೇಕಿತ್ತು. ಸಿಪ್ರೊಫ್ಲಾಕ್ಸಸಿನ್ ಎಳೆಯ ಪ್ರಾಣಿಗಳ ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಿದ್ದು ಕಂಡುಬಂದಿರುವುದರಿಂದ ಬಸಿರಿನಲ್ಲಿ ಬೇರೆ ಔಷಧ ಇರುವಾಗ ನಾವು ಅದನ್ನು ಕೊಡುವುದಿಲ್ಲ. ಆದರೆ ಗೊತ್ತಿಲ್ಲದೆ ತೆಗೆದುಕೊಂಡ ಬಸುರಿಯರ ಮಕ್ಕಳಲ್ಲಿ ಅಂಗವೈಕಲ್ಯ ಹೆಚ್ಚಾದದ್ದು ಕಂಡುಬಂದಿಲ್ಲ. ಅದೂ ಎರಡೇ ಮಾತ್ರೆ, ಅಂಗಾಂಗಗಳೆಲ್ಲ ರೂಪುಗೊಂಡ ಮೇಲೆ. ಚಿಂತೆ ಬಿಡಿ ಎಂದೆ. ಐಬುಪ್ರೊಫೇನ್ ಬಗ್ಗೆ ಹಾಗೆ ಹೇಳಲಿಲ್ಲ. ನೀರು ಕಡಿಮೆಯಾಗಿರುವುದಕ್ಕೆ ಅದೇ ಕಾರಣವಿರಬಹುದು, ನಿಲ್ಲಿಸಿದರೆ ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ, ವಾರಕ್ಕೆ ಮತ್ತೆ ನೋಡೋಣ ಎಂದೆ. ನಿಷಿದ್ಧ ಮಾತ್ರೆ ನುಂಗಿದೆವೆಂಬ ಭಯದಲ್ಲಿ ಬಸಿರನ್ನೇ ತೆಗೆಸಲು ಬಂದವರನ್ನು ನೋಡಿದ್ದೇನೆ. ತೆಗೆದುಕೊಳ್ಳಬಾರದ ಮಾತ್ರೆ ಎಂದರೆ ತೆಗೆದುಕೊಂಡವರಿಗೆಲ್ಲ ಹಾನಿ ಆಗಿಯೇ ಆಗುತ್ತದೆ ಎಂದಲ್ಲ. ಯಾವ ಮಾತ್ರೆ, ಯಾವ ವಾರ, ಎಷ್ಟು ದಿನ, ಈ ಮೂರನ್ನೂ ಸೇರಿಸಿ ನೋಡಬೇಕು.

ಕಲ್ಚರ್ ವರದಿ ಬಂದಾಗ ಇ. ಕೊಲೈ ಬ್ಯಾಕ್ಟೀರಿಯಾ, ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಸಿಪ್ರೊಫ್ಲಾಕ್ಸಸಿನ್‌ಗೆ ಅದು ಬಗ್ಗುವುದಿಲ್ಲ ಎಂದಿತ್ತು. ಅಂದರೆ ಆ ಎರಡು ಮಾತ್ರೆ ನುಂಗಿದ್ದೂ ವ್ಯರ್ಥ. ನೈಟ್ರೊಫ್ಯುರಾಂಟಾಯಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ ಎಂದೂ ಇತ್ತು. ವರದಿ ನೋಡಿದ ಗಂಡ, "ಇದು ಮಾತ್ರೆ ಅಲ್ಲವಾ ಮೇಡಂ, ಇದನ್ನೇ ಕೊಟ್ಟು ಕಳಿಸಬಹುದಲ್ಲ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆ ಔಷಧ ಮೂತ್ರದಲ್ಲಿ ಚೆನ್ನಾಗಿ ಸೇರುತ್ತದೆ, ಕಿಡ್ನಿಯ ಮಾಂಸದೊಳಗೆ ಸಾಕಷ್ಟು ಇಳಿಯುವುದಿಲ್ಲ. ಮೂತ್ರಕೋಶದ ಸೋಂಕಿಗೆ ಅದು ಒಳ್ಳೆಯದು, ಕಿಡ್ನಿಯದಕ್ಕೆ ಸಾಲದು. ವರದಿಯ ಪಟ್ಟಿಯನ್ನಷ್ಟೇ ನೋಡಿ ಔಷಧ ಆರಿಸಿದರೆ ಹೀಗೆ ಎಡವುತ್ತೇವೆ. ಮೂರನೇ ದಿನದ ಹೊತ್ತಿಗೆ ಜ್ವರ ಬಿಟ್ಟು ಪೂರ್ತಿ ಒಂದು ದಿನ ಕಳೆದಿತ್ತು. ವರದಿಯಲ್ಲಿ ಹೊಂದಿದ ಸೆಫ್ಯುರಾಕ್ಸಿಮ್ ಮಾತ್ರೆಗೆ ಬದಲಾಯಿಸಿ, ಎಲ್ಲ ಸೇರಿ ಹದಿನಾಲ್ಕು ದಿನ ಮುಗಿಸಲು ಹೇಳಿ ಮನೆಗೆ ಕಳಿಸಿದೆ.

ಹೋಗುವ ಮೊದಲು ಅವರ ಕಾರ್ಡನ್ನು ಹಿಂದಕ್ಕೆ ತಿರುವಿ ನೋಡಿದೆ. ಹತ್ತನೇ ವಾರದಲ್ಲಿ ನಾನೇ ಮೂತ್ರದ ಕಲ್ಚರ್ ಬರೆದಿದ್ದೆ. ಫಲಿತಾಂಶದ ಜಾಗ ಖಾಲಿ. ಸಾಮಾನ್ಯ ಮೂತ್ರ ಪರೀಕ್ಷೆ ಮಾತ್ರ ಆಗಿತ್ತು, ನಂತರದ ಭೇಟಿಗಳಲ್ಲಿ ನಾನೂ ಗಮನಿಸಿರಲಿಲ್ಲ. ಉರಿ, ಜ್ವರ ಏನೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವ ಬಸುರಿಯರಿದ್ದಾರೆ. ಚಿಕಿತ್ಸೆ ಕೊಡದಿದ್ದರೆ ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಕಿಡ್ನಿಗೆ ಏರುತ್ತದೆ. ಮೊದಲ ತಿಂಗಳುಗಳಲ್ಲಿ ಒಂದು ಕಲ್ಚರ್ ಮಾಡಿಸುವುದು ಇದನ್ನು ಹಿಡಿಯಲೆಂದೇ. ಆ ಖಾಲಿ ಜಾಗ ನನ್ನ ತಪ್ಪು. ಅಂದಿನಿಂದ, ಆ ಜಾಗ ತುಂಬದ ಕಾರ್ಡನ್ನು ನಮ್ಮ ನರ್ಸ್ ನನ್ನ ಮೇಜಿಗೆ ಬೇರೆಯಾಗಿ ತಂದಿಡುತ್ತಾರೆ.

ಒಂದು ವಾರ ಕಳೆದು ನೀರು ಅಳೆದಾಗ 4.1 ಸೆಂಟಿಮೀಟರ್. ಪರದೆಯ ಮೇಲೆ ಅಳತೆಯ ಗೆರೆ ಎಳೆಯುವಾಗ ಅವರು ಉಸಿರು ಬಿಗಿಹಿಡಿದಿದ್ದರು. ಮಾತ್ರೆ ಮುಗಿಸಿದ ವಾರದ ಮೇಲಿನ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಆದರೆ ಒಮ್ಮೆ ಕಿಡ್ನಿಗೆ ಏರಿದ ಸೋಂಕು ಅದೇ ಬಸಿರಿನಲ್ಲಿ ಮರುಕಳಿಸಬಹುದು. ಅದಕ್ಕಾಗಿ ರಾತ್ರಿ ಮಲಗುವಾಗ ಒಂದು, 100 ಮಿಲಿಗ್ರಾಂ ನೈಟ್ರೊಫ್ಯುರಾಂಟಾಯಿನ್ ಬರೆದೆ. ಮೊದಲು ಬೇಡವೆಂದ ಔಷಧ ಈಗ ಸರಿಯಾದ ಜಾಗಕ್ಕೆ ಬಂತು, ಏಕೆಂದರೆ ಈಗ ಕಾಯಬೇಕಾದದ್ದು ಮೂತ್ರಕೋಶವನ್ನು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಇದು ರಕ್ತಕಣಗಳನ್ನು ಒಡೆಯುತ್ತದೆ, ಹಾಗಾಗಿ ಮೊದಲು ಅದನ್ನು ಪರೀಕ್ಷಿಸಿದ್ದೆ. ನವಜಾತ ಶಿಶುವಿನಲ್ಲೂ ಅದೇ ಭಯವಿರುವುದರಿಂದ ಹೆರಿಗೆ ಹತ್ತಿರವಾದಾಗ ನಿಲ್ಲಿಸಬೇಕು. ಮೂವತ್ತಾರನೇ ವಾರಕ್ಕೆ ಸೆಫಲೆಕ್ಸಿನ್‌ಗೆ ಬದಲಾಯಿಸುವ ದಿನಾಂಕವನ್ನು ಕಾರ್ಡಿನ ಮೇಲೆ ಅಂದೇ ಕೆಂಪು ಶಾಯಿಯಲ್ಲಿ ಬರೆದೆ.

ಇಪ್ಪತ್ತೆಂಟನೇ ವಾರದಲ್ಲಿ ಟಿಡ್ಯಾಪ್ ಲಸಿಕೆ ಕೊಡಬೇಕೆಂದಾಗ, "ಎರಡು ವರ್ಷದ ಹಿಂದೆ ದೊಡ್ಡವನ ಹೊತ್ತಿಗೇ ಹಾಕಿಸಿದ್ದೆನಲ್ಲ" ಎಂದರು. ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಸೇರಿದ ಲಸಿಕೆ ಅದು. ನಾಯಿಕೆಮ್ಮು ತಾಯಿಗಿಂತ ಎಳೆಗೂಸಿಗೆ ಪ್ರಾಣಾಪಾಯ, ಆದರೆ ಮಗುವಿಗೆ ಅದರ ಸ್ವಂತ ಚುಚ್ಚುಮದ್ದು ಶುರುವಾಗುವುದು ಆರರಿಂದ ಎಂಟು ವಾರ ತುಂಬಿದ ಮೇಲೆ. ಅಲ್ಲಿಯವರೆಗೆ ಅದನ್ನು ಕಾಯುವುದು ತಾಯಿಯಿಂದ ಮಾಸಿನ ಮೂಲಕ ಹೋದ ರಕ್ಷಣೆ. ಹಳೆಯ ಲಸಿಕೆಯ ರಕ್ಷಣೆ ಎರಡು ವರ್ಷದಲ್ಲಿ ಕುಂದಿರುತ್ತದೆ. ಅದಕ್ಕೇ ಪ್ರತಿ ಬಸಿರಿನಲ್ಲೂ 27ರಿಂದ 36ನೇ ವಾರದ ನಡುವೆ. ಫ್ಲೂ ಲಸಿಕೆಯನ್ನೂ ಅದೇ ದಿನ ಇನ್ನೊಂದು ತೋಳಿಗೆ ಕೊಟ್ಟೆವು. ಅದು ನಿರ್ಜೀವ ಲಸಿಕೆ, ಬಸಿರಿನ ಯಾವ ತಿಂಗಳಲ್ಲಾದರೂ ಕೊಡಬಹುದು. ಇಪ್ಪತ್ನಾಲ್ಕನೇ ವಾರದಲ್ಲಿ ದಾಖಲಾಗಿದ್ದಾಗ ಕೊಟ್ಟಿರಲಿಲ್ಲ, ಏಕೆಂದರೆ ಜ್ವರ ಬಂದರೆ ಅದು ಲಸಿಕೆಯದ್ದೋ ಸೋಂಕಿನದ್ದೋ ತಿಳಿಯುತ್ತಿರಲಿಲ್ಲ.

ಒಂದು ಲಸಿಕೆ ಮಾತ್ರ ಬಾಕಿ ಉಳಿಯಿತು. ಮೊದಲ ರಕ್ತಪರೀಕ್ಷೆಯಲ್ಲೇ ಅವರಿಗೆ ರುಬೆಲ್ಲಾ ನಿರೋಧಕ ಶಕ್ತಿ ಇಲ್ಲವೆಂದು ಗೊತ್ತಾಗಿತ್ತು. ಆದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಕೊಡುವ ಎಂಎಂಆರ್ ಜೀವಂತ ವೈರಸ್ಸಿನ ಲಸಿಕೆ, ಬಸಿರಿನಲ್ಲಿ ಕೊಡುವಂತಿಲ್ಲ. ಮೈಮೇಲೆ ಗುಳ್ಳೆ, ಜ್ವರ ಇರುವವರಿಂದ ದೂರವಿರಲು ಹೇಳಿ ಕಾದೆವು. ಮೂವತ್ತೊಂಬತ್ತನೇ ವಾರದಲ್ಲಿ ಸಹಜ ಹೆರಿಗೆಯಾಯಿತು. ಮನೆಗೆ ಹೊರಡುವ ದಿನ ಬೆಳಿಗ್ಗೆ, ಮಗುವಿಗೆ ಹಾಲೂಡಿಸುತ್ತಿದ್ದಾಗಲೇ ನರ್ಸ್ ಆ ಲಸಿಕೆ ಚುಚ್ಚಿದರು. ಹಾಲೂಡಿಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಒಂದು ತಿಂಗಳು ಮತ್ತೆ ಬಸಿರಾಗದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿದೆ. ಹೊಲಿಗೆಯ ನೋವಿಗೆ ಬರೆದ ಚೀಟಿಯನ್ನು ಅವರು ಕೈಗೆ ತೆಗೆದುಕೊಂಡು, "ಇದು ಅದೇ ಐಬುಪ್ರೊಫೇನ್ ಅಲ್ಲವಾ?" ಎಂದು ನಿಲ್ಲಿಸಿ ಕೇಳಿದರು. ಹೌದು, ಅದೇ. ಮಗು ಹೊರಗೆ ಬಂದಿದೆ, ಎದೆಹಾಲಿಗೆ ಅದು ಸೇರುವುದು ತೀರಾ ಅಲ್ಪ, ಈಗ ತೆಗೆದುಕೊಳ್ಳಬಹುದು ಎಂದೆ.