ಮೊದಲ ಸಾಲು ಸಿಕ್ಕಿದ್ದು ತಟ್ಟೆಯ ಅಂಚಿನಲ್ಲಿ

ದಾವಣಗೆರೆಯಲ್ಲಿ ಮನೆಯಲ್ಲಿಯೇ ಚಟ್ನಿಪುಡಿ ಮಾಡಿ ಮಾರುತ್ತೇನೆ. ಶೇಂಗಾ, ಅಗಸೆ, ಗುರೆಳ್ಳಿನ ಪುಡಿಗಳ ಜೊತೆಗೆ ನುಗ್ಗೆಸೊಪ್ಪಿನದನ್ನೂ ಶುರು ಮಾಡಿದಾಗ ಇನ್‌ಸ್ಟಾಗ್ರಾಂನಲ್ಲಿ ಹೀಗೆ ಬರೆದೆ: "ನಮ್ಮ ಎಲ್ಲ ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು. ನಿಮ್ಮ ಪ್ರೋತ್ಸಾಹದಿಂದ ಹೊಸ ಉತ್ಪನ್ನವೊಂದನ್ನು ಪರಿಚಯಿಸುತ್ತಿದ್ದೇವೆ..." ಎರಡು ದಿನ ಕಾದರೂ ಒಬ್ಬರೂ ಬೆಲೆ ಕೇಳಲಿಲ್ಲ. ತಂಗಿಯ ಮೊಬೈಲ್‌ನಲ್ಲಿ ನೋಡಿದ ಮೇಲೆ ಕಾರಣ ತಿಳಿಯಿತು. ಚಿತ್ರದ ಕೆಳಗೆ ಬರಹದ ಮೊದಲ ತುಣುಕಷ್ಟೇ ಕಾಣುತ್ತದೆ, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಆ ಜಾಗವೆಲ್ಲ ನಮಸ್ಕಾರಕ್ಕೇ ಖರ್ಚಾಗಿ, ನುಗ್ಗೆ ಎಂಬ ಪದ ಒಳಗೆ ಉಳಿದುಬಿಟ್ಟಿತ್ತು.

ಮತ್ತೆ ಬರೆದೆ: "ಇಂಥ ಚಟ್ನಿಪುಡಿಯನ್ನು ನೀವು ತಿಂದೇ ಇಲ್ಲ!" ಈ ಸಲ ಕೆಲವರು "ಏನಿದು?" ಎಂದು ಕೇಳಿದರು. ಉತ್ತರ ಕೊಟ್ಟ ಮೇಲೆ ಸುಮ್ಮನಾದರು. ಕುತೂಹಲವೇನೋ ಹುಟ್ಟಿತ್ತು, ಆದರೆ ಅದು ಪುಡಿ ಬೇಕಾದವರಲ್ಲಿ ಹುಟ್ಟಿದ್ದಲ್ಲ. ಅದೇ ಸಾಲನ್ನು ಶೇಂಗಾಪುಡಿಯ ಚಿತ್ರದ ಕೆಳಗೆ ಇಟ್ಟು ನೋಡಿದೆ. ಅಲ್ಲಿಗೂ ಸರಿಯಾಗಿ ಹೊಂದಿತು. ಬೇರೆ ಸಾಮಾನಿಗೂ ಒಪ್ಪುವ ಸಾಲನ್ನು ಅಂದಿನಿಂದ ಇಟ್ಟುಕೊಳ್ಳುವುದಿಲ್ಲ.

"ರಕ್ತಹೀನತೆಗೆ ಮದ್ದು ಎಂದು ಹಾಕು, ಎಲ್ಲರೂ ನಿಂತು ಓದುತ್ತಾರೆ" ಎಂದು ನೆಂಟರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ತಿನ್ನುವ ಪದಾರ್ಥ ರೋಗ ವಾಸಿಮಾಡುತ್ತದೆ ಎಂದು ಜಾಹೀರಾತು ಮಾಡಲು ಆಹಾರ ಸುರಕ್ಷತಾ ನಿಯಮಗಳು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಂಬಿ ಕೊಂಡವರಿಗೆ ನಾನು ಏನೆಂದು ಉತ್ತರಿಸಲಿ?

ಕೊನೆಗೆ ಹಳೆಯ ವಾಟ್ಸ್ಆ್ಯಪ್ ಸಂದೇಶಗಳನ್ನು ತೆರೆದು ಕುಳಿತೆ. ಗ್ರಾಹಕರೊಬ್ಬರು ಹಿಂದೊಮ್ಮೆ ಬರೆದಿದ್ದರು: "ಸಾರಿಗೆ ನುಗ್ಗೆಸೊಪ್ಪು ಹಾಕಿದರೆ ಮಗ ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾನೆ." ಆ ತಟ್ಟೆ ನನ್ನ ಕಣ್ಣಿಗೇ ಕಟ್ಟಿತು. ಅದರಿಂದ ಏಳೆಂಟು ಸಾಲುಗಳನ್ನು ಬರೆದು, ಜೋರಾಗಿ ಓದಿ, ಒಂದನ್ನು ಉಳಿಸಿಕೊಂಡೆ:

"ನುಗ್ಗೆಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸುವ ಮಕ್ಕಳು ಮನೆಯಲ್ಲಿದ್ದಾರೆಯೇ?"

ಸೊಪ್ಪಿನ ಹೆಸರು ಮೊದಲಿಗೇ ಬಂತು. ಯಾರಿಗಾಗಿ ಎಂಬುದೂ ಗೊತ್ತಾಯಿತು. ಚಿತ್ರದಲ್ಲಿ ಪುಡಿಯ ಡಬ್ಬಿ ಕಾಣುತ್ತಿದ್ದುದರಿಂದ ಡಬ್ಬಿಯ ಮಾತನ್ನು ಸಾಲಿನಲ್ಲಿ ಎತ್ತಲಿಲ್ಲ. ಕೇಳಿದ್ದಕ್ಕೆ ಮುಂದಿನ ಸಾಲಿನಲ್ಲೇ ಉತ್ತರ ಕೊಟ್ಟೆ: "ನೆರಳಲ್ಲಿ ಒಣಗಿಸಿ, ಕಡಲೆಬೇಳೆ, ಉದ್ದಿನಬೇಳೆಯ ಜೊತೆ ಹುರಿದು ಪುಡಿ ಮಾಡಿದ್ದೇವೆ, ಬಿಸಿ ಅನ್ನಕ್ಕೆ ತುಪ್ಪದೊಂದಿಗೆ ಕಲಸಿ ಕೊಡಿ." ಬೆಲೆ, ತೂಕ, ಫೋನ್ ನಂಬರ್ ಆಮೇಲೆ. ಹಾಕಿದ ಕೂಡಲೇ ತಂಗಿಗೂ ಅತ್ತಿಗೆಗೂ ತಿಳಿಸಿ, ಇಬ್ಬರ ಮೊಬೈಲ್‌ನಲ್ಲೂ ಪ್ರಶ್ನೆ ತುಂಡಾಗದೆ ಕಾಣುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ.

ಆ ಸಂಜೆ ಬಂದ ಮೊದಲ ಸಂದೇಶ: "ನನ್ನ ಮಗಳೂ ಹೀಗೆಯೇ. ಖಾರ ಎಷ್ಟಿದೆ?" ತಾಯಂದಿರು ಮೊದಲು ಕೇಳುವುದು ಖಾರವನ್ನೇ ಎಂಬುದು ನನಗೆ ಹೊಳೆದಿರಲಿಲ್ಲ. ಕೂಡಲೇ ಎರಡನೆಯ ಸಾಲಿಗೆ "ಖಾರ ಕಡಿಮೆ" ಎಂದು ಸೇರಿಸಿದೆ.