ರಾಜನ ಟೊಪ್ಪಿ ಜಾರಬಾರದು

ಮೊನ್ನೆ ಮೊಮ್ಮಗಳ ಶಾಲೆಯ ನಾಟಕ ನೋಡಿ ಬಂದೆ. ಕೃಷ್ಣದೇವರಾಯನ ಪಾತ್ರದ ಹುಡುಗ ಬಾಡಿಗೆಗೆ ತಂದ ಕಿರೀಟ ಹಾಕಿಕೊಂಡಿದ್ದ. ದೊಡ್ಡವರ ಅಳತೆಯದು. ಅಪ್ಪಾಜಿ ಎಂದು ತಿಮ್ಮರಸರಿಗೆ ನಮಸ್ಕಾರ ಮಾಡಲು ಬಗ್ಗಿದ, ಕಿರೀಟ ಮೂಗಿನ ಮೇಲೆ ಬಂದು ಕೂತಿತು. ಎಲ್ಲರೂ ನಕ್ಕರು. ಪಾಪ, ಹುಡುಗನಿಗೆ ಮುಂದಿನ ಮಾತೇ ಮರೆತುಹೋಯಿತು. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಹಿಂದಿನ ದಿನ ಸಂಜೆ ಅಂಗಡಿಗೆ ಓಡಿ ಮಿರಿಮಿರಿ ಸ್ಯಾಟಿನ್ ಬಟ್ಟೆ ತಂದ ದೊಡ್ಡವರ ಮೇಲೆ. ಆ ಬಟ್ಟೆ ಜಾರುತ್ತದೆ, ಬೆವರು ಹೀರುವುದಿಲ್ಲ, ಗಂಟು ನಿಲ್ಲುವುದಿಲ್ಲ. ಮನೆಯ ಬೀರುವಿನಲ್ಲಿ ಹಳೆ ಪಂಚೆ ಇರುವಾಗ ಅದು ಯಾಕೆ ಬೇಕು?

ವಿಜಯನಗರದ ರಾಜ ಮಿರಮಿರ ಮಿಂಚುತ್ತಿರಲೇಬೇಕು ಎಂದು ಯಾರು ಹೇಳಿದರು? 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಜ ಉಟ್ಟದ್ದು ಬಿಳಿ ಬಟ್ಟೆ, ಅದರ ಮೇಲೆ ಬಂಗಾರದ ಗುಲಾಬಿ ಹೂಗಳ ಕಸೂತಿ. ತಲೆಯ ಮೇಲೆ ಎತ್ತರದ ಜರತಾರಿ ಟೊಪ್ಪಿ. ಕಾಲಲ್ಲಿ ಏನೂ ಇಲ್ಲ, ಬರಿಗಾಲು. ಅಂದರೆ ಬಿಳಿ ಹತ್ತಿಯೇ ಸರಿ, ಜರಿ ಚಪ್ಪಲಿಗೆ ದುಡ್ಡು ಸುರಿಯುವುದೂ ಬೇಡ.

ರಾಜ, ಮಂತ್ರಿ, ಸೈನಿಕ, ಮೂವರಿಗೂ ಕೆಳಗೆ ಕಚ್ಚೆಯೇ. ಹತ್ತು ವರ್ಷದ ಮಗುವಿಗೆ ನಾಲ್ಕು ಮೊಳದ ಪಂಚೆ ಸಾಕು. ಪಂಚೆಯ ಅಗಲ ಮಗುವಿಗೆ ಜಾಸ್ತಿಯಾಗುತ್ತದೆ, ಮೇಲಿನ ಅಂಚನ್ನು ಒಳಗೆ ಮಡಚಿಕೊಳ್ಳಿ. ಒಳಗೆ ಬಿಗಿ ಚಡ್ಡಿ ಹಾಕಿಸಿ, ಹಿಂದೆ ಸಿಕ್ಕಿಸಿದ ಕಚ್ಚೆಯನ್ನು ಚಡ್ಡಿಗೇ ಸೇರಿಸಿ ಪಿನ್ನು ಹಾಕಿ. ಮೇಲೆ ನಡುಪಟ್ಟಿ ಕಟ್ಟಿದರೆ ಕುಣಿದರೂ ಬಿಚ್ಚುವುದಿಲ್ಲ. ಕಚ್ಚೆ ಕಟ್ಟಲು ಬಾರದವರು ಮನೆಯ ಹಿರಿಯರನ್ನು ಕೇಳಿ.

ರಾಜನಿಗೂ ಮಂತ್ರಿಗೂ ಮೇಲೆ ಉದ್ದನೆಯ ಅಂಗಿ, ಆಗಿನವರು ಕಬಾಯಿ ಎನ್ನುತ್ತಿದ್ದರು. ಅಪ್ಪನ ಹಳೆ ಬಿಳಿ ಶರಟು ಮಗುವಿಗೆ ಮಂಡಿಯವರೆಗೆ ಬರುತ್ತದೆ. ಕಾಲರ್ ಬಿಚ್ಚಿ, ತೋಳನ್ನು ಮಣಿಕಟ್ಟಿಗೆ ಬಿಗಿ ಮಾಡಿ ನಾಲ್ಕು ಹೊಲಿಗೆ ಹಾಕಿದರೆ ಕಬಾಯಿ ಆಯಿತು. ರಾಜನ ಅಂಗಿಯ ಗುಲಾಬಿಗೆ ಬೆಂಡೆಕಾಯಿ ಸಾಕು. ಬಲಿತ ಬೆಂಡೆಯನ್ನು ಅಡ್ಡಕ್ಕೆ ಕತ್ತರಿಸಿ ಅರ್ಧ ಗಂಟೆ ಬೇರೆ ಬಟ್ಟೆಯ ಮೇಲೆ ಬೋರಲು ಇಡಿ. ಲೋಳೆ ಹೋಗದಿದ್ದರೆ ಬಣ್ಣ ಹರಡುತ್ತದೆ. ಆಮೇಲೆ ಬಟ್ಟೆಗೆ ಹಾಕುವ ಬಂಗಾರದ ಬಣ್ಣವನ್ನು ತೆಳುವಾಗಿ ಸವರಿ ಒತ್ತಿ. ಅಂಗಿಯ ಒಳಗೆ ಪೇಪರ್ ಇಡುವುದು ಮರೆಯಬೇಡಿ, ಬಣ್ಣ ಬೆನ್ನಿಗೂ ಇಳಿಯುತ್ತದೆ. ಮಂತ್ರಿಯ ಅಂಗಿಗೆ ಹೂ ಬೇಡ. ಎಡ ಹೆಗಲ ಮೇಲೆ ದಪ್ಪ ಅಂಚಿನ ಶಲ್ಯ ಹಾಕಿ, ಹೆಗಲಿಗೆ ಒಂದು ಪಿನ್ನು. ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೂ ಯಾರು ಯಾರೆಂದು ಗೊತ್ತಾಗಬೇಕು, ಅಲ್ವಾ?

ಈಗ ಟೊಪ್ಪಿ. ಆಗಿನ ಎತ್ತರದ ಟೊಪ್ಪಿಗೆ ಕುಲ್ಲಾಯಿ ಎಂದು ಹೆಸರು. ಲೇಪಾಕ್ಷಿಯ ಛಾವಣಿಯ ಚಿತ್ರಗಳಲ್ಲಿ ಗಂಡಸರು ಹಾಕಿಕೊಂಡಿರುವುದು ಇದನ್ನೇ. ತಿರುಮಲೆಯಲ್ಲಿ ಕೃಷ್ಣದೇವರಾಯ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ಲೋಹದ ಮೂರ್ತಿಯ ತಲೆಯ ಮೇಲೂ ಇದೇ ಇದೆ. ನವಿಲುಗರಿ ಸಿಕ್ಕಿಸಿದ ಪೇಟವಲ್ಲ. ರಟ್ಟನ್ನು ಸುತ್ತಿ ಸ್ಟೇಪ್ಲರ್ ಹೊಡೆಯುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ಪಿನ್ನು ಮಗುವಿನ ಹಣೆಗೆ ಗೀರುತ್ತದೆ.

ಮೊದಲು ಅಚ್ಚು. ದಪ್ಪ ಕ್ಯಾಲೆಂಡರ್ ಹಾಳೆಯನ್ನು ಮಗುವಿನ ತಲೆಗೇ ಸುತ್ತಿ ಅಳತೆ ಹಿಡಿಯಿರಿ. ಹಣೆಯ ಮಧ್ಯದಿಂದ, ಕಿವಿಯ ಮೇಲೆ. ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಒಳಗೆ ಪಟ್ಟಿ ಬರುತ್ತದೆ, ಆಗ ಸರಿಹೋಗುತ್ತದೆ. ಎತ್ತರ ಒಂದು ಗೇಣು, ಮೇಲೆ ನಾಲ್ಕು ಬೆರಳು. ಮೇಲಕ್ಕೆ ಹೋಗುತ್ತಾ ಸ್ವಲ್ಪ ಕಿರಿದಾಗಲಿ. ತುದಿಗೆ ಪೇಪರ್ ಉಂಡೆ ತುರುಕಿ ಗುಂಡಗೆ ಮಾಡಿ, ಇಡೀ ಅಚ್ಚಿಗೆ ಪ್ಲಾಸ್ಟಿಕ್ ಕವರ್ ಸುತ್ತಿ. ಕವರ್ ಸುತ್ತದಿದ್ದರೆ ಅಚ್ಚು ಬಟ್ಟೆಗೇ ಅಂಟಿಕೊಂಡು ಈಚೆಗೆ ಬರುವುದೇ ಇಲ್ಲ.

ಮೈದಾವನ್ನು ತಣ್ಣೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಕುದಿಯುವ ನೀರಿಗೆ ಬಿಡುತ್ತಾ ಗೊಟಾಯಿಸಿ. ಬಿಳಿ ಹೋಗಿ ಹೊಳಪು ಬರಬೇಕು, ಹಸಿ ವಾಸನೆ ಹೋಗಬೇಕು. ಹಸಿ ಉಳಿದರೆ ಟೊಪ್ಪಿ ಒಣಗಿದ ಮೇಲೆ ಪುಡಿ ಉದುರುತ್ತದೆ. ಹಳೆ ಪಂಚೆಯನ್ನು ಮೂರು ಬೆರಳಗಲ ಪಟ್ಟಿಯಾಗಿ ಹರಿಯಿರಿ. ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚಿನ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಗೆರೆ ಏಳುವುದಿಲ್ಲ. ಪಟ್ಟಿಯನ್ನು ಗಂಜಿಯಲ್ಲಿ ಅದ್ದಿ, ಎರಡು ಬೆರಳ ನಡುವೆ ಎಳೆದು ಹಿಂಡಿ, ಮೊದಲ ಸುತ್ತು ಮೇಲಿನಿಂದ ಕೆಳಗೆ, ಎರಡನೆಯದು ಅಡ್ಡಕ್ಕೆ ಅಂಟಿಸಿ. ಅರ್ಧ ದಿನ ಬಿಡಿ. ಮತ್ತೆ ಓರೆಯಾಗಿ ಎರಡು ಸುತ್ತು, ಒಂದು ಬಲಕ್ಕೆ, ಒಂದು ಎಡಕ್ಕೆ. ಒಟ್ಟು ನಾಲ್ಕು. ಗಾಳಿಯ ಗುಳ್ಳೆ ಉಳಿಯದ ಹಾಗೆ ಅಂಗೈಯಿಂದ ಸವರಿ. ತುಸು ಹಸಿ ಇರುವಾಗಲೇ ತುದಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿಸಿ.

ಬಿಸಿಲಿಗಿಡಬೇಡಿ. ಒಂದು ಬದಿ ಬೇಗ ಒಣಗಿ ಸೊಟ್ಟಗಾಗುತ್ತದೆ. ನೆರಳಲ್ಲಿ ಗಾಳಿ ಆಡುವ ಕಡೆ ಎರಡು ದಿನ. ಉಗುರಿನಿಂದ ತಟ್ಟಿ ನೋಡಿ. ಟಕ್ ಎಂದರೆ ಒಣಗಿದೆ, ಮೆತ್ತಗೆ ಡಬ್ ಎಂದರೆ ಒಳಗೆ ಹಸಿ ಇದೆ. ಮಳೆಗಾಲದಲ್ಲಿ ನಾಲ್ಕು ದಿನವೂ ಬೇಕು. ಅದಕ್ಕೇ ನಾಟಕಕ್ಕೆ ವಾರ ಮುಂಚೆ ಶುರು ಮಾಡಿ ಎಂದು ಬಡಿದುಕೊಳ್ಳುವುದು.

ಉಳಿದ ಗಂಜಿಯನ್ನು ಸುಮ್ನೆ ಸಿಂಕಿಗೆ ಚೆಲ್ಲಬೇಡಿ, ಕೊಳವೆ ಕಟ್ಟುತ್ತದೆ. ನೀರು ಬೆರೆಸಿ ಸೋಸಿ ಹತ್ತಿ ಸೀರೆಗೆ ಹಾಕಿ. ಸೀರೆಯನ್ನು ಉಲ್ಟಾ ಒಣಗಿಸಿ, ಅರೆಹಸಿ ಇರುವಾಗಲೇ ಮಡಚಿ. ಈಗಿನವರು ಸ್ಪ್ರೇ ಹೊಡೆದು ಇಸ್ತ್ರಿ ಎಳೆಯುತ್ತಾರೆ. ಆ ಗರಿ ಒಂದು ಗಂಟೆಯೂ ನಿಲ್ಲುವುದಿಲ್ಲ.

ಅಚ್ಚು ತೆಗೆದ ಮೇಲೆ ಕೆಳ ಅಂಚನ್ನು ಕತ್ತರಿಸಿ ಸಮ ಮಾಡಿ. ಒಳಗೆ ಹಳೆ ಟರ್ಕಿ ಟವೆಲಿನ ಪಟ್ಟಿ ಹೊಲಿಯಿರಿ. ಜಾರದಂತೆ ಹಿಡಿಯುವುದು ಅದೇ. ಹಿಂದೆ ಕಿವಿಯಿಂದ ಕಿವಿಗೆ ಕಪ್ಪು ಎಲಾಸ್ಟಿಕ್, ಗದ್ದದ ಕೆಳಗೆ ಬೇಡ. ರಾಜನದಕ್ಕೆ ಹರಿದ ರೇಷ್ಮೆ ಸೀರೆಯ ಜರಿ ಅಂಚು ಸುತ್ತಿ, ಮಂತ್ರಿಯದು ಬಿಳಿಯೇ ಇರಲಿ. ನನ್ನ ಅತ್ತೆ ನಮ್ಮೂರ ಹಬ್ಬದ ನಾಟಕಕ್ಕೆ ಹೀಗೆ ಮಾಡಿದ ಟೊಪ್ಪಿಯನ್ನು ನನ್ನ ಇಬ್ಬರು ಮಕ್ಕಳೂ ಹಾಕಿಕೊಂಡರು. ಕೊನೆಗೆ ಅದನ್ನು ತಿಂದದ್ದು ಜಿರಳೆ. ಅಟ್ಟಕ್ಕೆ ಎಸೆಯದೆ ಗಾಳಿಯಲ್ಲಿ ತೂಗುಹಾಕಿ.

ಸೈನಿಕನಿಗೆ ಟೊಪ್ಪಿ ಬೇಡ, ಬಿಗಿಯಾಗಿ ಸುತ್ತಿದ ಟವೆಲು ಸಾಕು. ಕಚ್ಚೆ ಮಂಡಿಯ ಮೇಲೆ. ಮೈಗೆ ಕೌದಿಯ ಹಾಗೆ ಮೂರು ಪದರ ಹಳೆ ಬಟ್ಟೆ ಸೇರಿಸಿ ದೊಡ್ಡ ದೊಡ್ಡ ಹೊಲಿಗೆ ಹಾಕಿದ ತೋಳಿಲ್ಲದ ಅಂಗಿ. ದಪ್ಪ ಹೊಲಿಗೆಯ ಇಂಥ ಅಂಗಿ ತೊಟ್ಟ ಸೈನಿಕರನ್ನೂ ಪಾಯಸ್ ಕಂಡಿದ್ದ. ಬಣ್ಣಕ್ಕೆ ನಮ್ಮ ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಚೊಗರು ಇದೆ, ಒಂದು ರಾತ್ರಿ ನೆನೆಸಿದರೆ ಕೆಂಗಂದು ಬರುತ್ತದೆ. ಚೊಗರು ಸಿಗದವರು ಚಹಾ ಪುಡಿ ಕುದಿಸಿ. ಬೇರೆ ಬಕೆಟ್ಟಿನಲ್ಲಿ ಅದ್ದಿ, ಚೊಗರಿನ ಕಲೆ ಹೋಗುವುದಿಲ್ಲ.

ಎಲ್ಲ ತೊಡಿಸಿದ ಮೇಲೆ ರಾಜನಿಗೆ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಲು ಹೇಳಿ, ಮೂರು ಸಲ. ಟೊಪ್ಪಿ ಅಲ್ಲಾಡಿದರೆ ಟವೆಲಿನ ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಹೊಲಿಯಿರಿ.